ಸ್ಕೋರ್ ನಂಬೋದಾ, ಕೂತು ನೋಡೋದಾ? ಹಳೆಯ ಜನಗಣತಿ ಕೋಷ್ಟಕಗಳನ್ನು ತಾಳೆ ನೋಡುವ ಬಗ್ಗೆ

(ಹಳೆಯ ಸರ್ಕಾರಿ ಪುಸ್ತಕಗಳ ಕೋಷ್ಟಕಗಳನ್ನು ಸ್ಪ್ರೆಡ್‌ಶೀಟ್‌ಗೆ ತರುವ ಕೆಲಸ ಮಾಡುವವರ ಮುಂದೆ ಮಾತಾಡಿದ್ದರ ಬರಹ ರೂಪ ಇದು. ಮಾತಿನಲ್ಲಿ ಬೇಗ ಬೇಗ ಹೇಳಿ ಮುಗಿಸಿದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ನೂರಾರು ಪುಟ ಸ್ಕ್ಯಾನ್ ಆಯಿತು, ಓಸಿಆರ್ ಓಡಿಸಿ ಆಯಿತು, ಐವತ್ತು ಸಾವಿರ ಸೆಲ್‌ಗಳ ದೊಡ್ಡ ಫೈಲ್ ಕೈಗೆ ಬಂತು. ಈಗ ಅದು ಸರಿ ಇದೆಯಾ ಅಂತ ನೋಡಬೇಕು. ಇಲ್ಲಿ ತಂಡದಲ್ಲಿ ಎರಡು ಪಕ್ಷ ಆಗುತ್ತದೆ. ಒಬ್ಬರು ಹೇಳುತ್ತಾರೆ, ಸಾಫ್ಟ್‌ವೇರೇ ಪ್ರತಿ ಸೆಲ್‌ಗೂ ಕಾನ್ಫಿಡೆನ್ಸ್ ಸ್ಕೋರ್ ಕೊಟ್ಟಿದೆಯಲ್ಲ, 90ಕ್ಕಿಂತ ಕೆಳಗೆ ಇರುವುದನ್ನು ಮಾತ್ರ ನೋಡೋಣ, ಉಳಿದದ್ದು ಬಿಡಿ ಅಂತ. ಇನ್ನೊಬ್ಬರು ಅದೆಲ್ಲ ನಂಬೋಕಾಗಲ್ಲ, ಎಲ್ಲವನ್ನೂ ಪುಟ ಇಟ್ಟುಕೊಂಡು ಒಂದೊಂದೇ ನೋಡಬೇಕು ಅನ್ನುತ್ತಾರೆ. ಸಾಮಾನ್ಯವಾಗಿ ಆಮೇಲೆ ದುಡ್ಡು ಎಷ್ಟಿದೆ ಅನ್ನುವುದರ ಮೇಲೆ ತೀರ್ಮಾನ ಆಗಿಬಿಡುತ್ತದೆ.

ನನ್ನ ಮಾತು ಇಷ್ಟೇ: ಈ ತೀರ್ಮಾನವನ್ನು ವಾದ ಮಾಡಿ ತೆಗೆದುಕೊಳ್ಳುವ ಅಗತ್ಯ ಇಲ್ಲ, ಅಳೆದು ತೆಗೆದುಕೊಳ್ಳಬಹುದು. ಅಳತೆಗೆ ಒಂದು ದಿನಕ್ಕಿಂತ ಜಾಸ್ತಿ ಬೇಡ. ಮತ್ತೆ ಈ ಎರಡೂ ಪಕ್ಷದವರು ಮರೆಯುವ ಮೂರನೆಯ ದಾರಿ ಒಂದು ಇದೆ, ಅದು ಕೋಷ್ಟಕದ ಒಳಗೇ ಅಚ್ಚಾಗಿ ಕೂತಿರುತ್ತದೆ.

ಉದಾಹರಣೆಗೆ 1961ರ ಜನಗಣತಿಯನ್ನು ಇಟ್ಟುಕೊಳ್ಳುತ್ತೇನೆ. ಆಗ ನಮ್ಮದು ಮೈಸೂರು ರಾಜ್ಯ, ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರಲ್ಲಿ. ಆ ಜನಗಣತಿಗೆ ಜಿಲ್ಲೆಗೊಂದರಂತೆ ಡಿಸ್ಟ್ರಿಕ್ಟ್ ಸೆನ್ಸಸ್ ಹ್ಯಾಂಡ್‌ಬುಕ್ ಬಂತು. ಅದರಲ್ಲಿ ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್ ಅಂತ ಒಂದು ಕೋಷ್ಟಕ ಇರುತ್ತದೆ. ಒಂದು ಹಳ್ಳಿಗೆ ಒಂದು ಸಾಲು. ಹಳ್ಳಿಯ ವಿಸ್ತೀರ್ಣ, ಮನೆಗಳು, ಕುಟುಂಬಗಳು, ಒಟ್ಟು ಜನ, ಗಂಡು, ಹೆಣ್ಣು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು. ಆಮೇಲೆ ದುಡಿಯುವವರು. ದುಡಿಯುವವರನ್ನು I ರಿಂದ IX ವರೆಗೆ ಒಂಬತ್ತು ಗುಂಪು ಮಾಡಿದ್ದಾರೆ, ಗಂಡು ಹೆಣ್ಣು ಬೇರೆ ಬೇರೆ. I ಅಂದರೆ ಸ್ವಂತ ಬೇಸಾಯ, II ಕೃಷಿ ಕೂಲಿ, III ಗಣಿ, ಪಶುಪಾಲನೆ, ಕಾಡು, ಮೀನುಗಾರಿಕೆ, ತೋಟಗಾರಿಕೆ ಇತ್ಯಾದಿ, IV ಮನೆಯಲ್ಲೇ ಮಾಡುವ ಕೈಗಾರಿಕೆ, V ಬೇರೆ ಕೈಗಾರಿಕೆ, VI ಕಟ್ಟಡ ಕೆಲಸ, VII ವ್ಯಾಪಾರ, VIII ಸಾರಿಗೆ, IX ಉಳಿದ ಸೇವೆಗಳು. ಕೊನೆಗೆ X, ದುಡಿಯದವರು.

ಲೆಕ್ಕಕ್ಕೆ ಒಂದು ಜಿಲ್ಲೆಯಲ್ಲಿ 1,500 ಹಳ್ಳಿ, ಸಾಲಿಗೆ 34 ಅಂಕಿ ಅಂತ ಇಟ್ಟುಕೊಳ್ಳಿ. 51,000 ಸೆಲ್ ಆಯಿತು. ಒಂದು ಸೆಲ್ ಅನ್ನು ಪುಟದ ಜೊತೆ ತಾಳೆ ನೋಡಲು 6 ಸೆಕೆಂಡ್ ಅಂದರೂ 85 ಗಂಟೆ ಕೆಲಸ. ಬರೀ ಅಂಕಿ ನೋಡುವ ಈ ಕೆಲಸವನ್ನು ಒಬ್ಬ ಮನುಷ್ಯ ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಗಮನವಿಟ್ಟು ಮಾಡುತ್ತಾನೆ ಅಂತ ಯಾರಾದರೂ ಹೇಳಿದರೆ ನಾನು ನಂಬಲ್ಲ. ಅಂದರೆ ಒಂದು ಜಿಲ್ಲೆಗೆ ಒಬ್ಬರಿಗೆ ಮೂರು ವಾರ. ರಾಜ್ಯದಲ್ಲಿ ಆಗ 19 ಜಿಲ್ಲೆ ಇತ್ತು.

ಸ್ಕೋರ್ ಏನು ಹೇಳುತ್ತದೆ

ಮೊದಲು ಸ್ಕೋರ್ ಎಲ್ಲಿಂದ ಬರುತ್ತದೆ ನೋಡೋಣ. ಟೆಸರಾಕ್ಟ್ ಬಳಸುವವರು ಇಲ್ಲಿ ಜಾಸ್ತಿ ಇದ್ದೀರಿ, ಅದನ್ನೇ ತೆಗೆದುಕೊಳ್ಳುತ್ತೇನೆ.

```
tesseract p041.png p041 --psm 6 tsv
```

ಇದು `p041.tsv` ಅನ್ನುವ ಫೈಲ್ ಕೊಡುತ್ತದೆ. ಅದರಲ್ಲಿ ಪ್ರತಿ ಪದಕ್ಕೂ ಒಂದು ಸಾಲು, ಆ ಪದ ಪುಟದಲ್ಲಿ ಎಲ್ಲಿದೆ ಅನ್ನುವ ನಾಲ್ಕು ಅಂಕಿ, ಕೊನೆಯಲ್ಲಿ `conf` ಮತ್ತು `text`. `conf` 0 ರಿಂದ 100. ಪದವಲ್ಲದ ಸಾಲುಗಳಿಗೆ, ಅಂದರೆ ಪುಟ, ಬ್ಲಾಕ್, ಪ್ಯಾರಾ ಇವಕ್ಕೆ, -1 ಇರುತ್ತದೆ. ಅದನ್ನು ತೆಗೆಯದೆ ಸರಾಸರಿ ಹಾಕುವವರು ಇದ್ದಾರೆ, ಹಾಕಬೇಡಿ. ಹಾಗೆ ನೋಡಿದರೆ ಪುಟದ ಸರಾಸರಿ ಸ್ಕೋರೇ ಯಾವ ಉಪಯೋಗಕ್ಕೂ ಬರುವುದಿಲ್ಲ. ಸಾವಿರ ಸೆಲ್ 97 ಇದ್ದಾಗ ಹತ್ತು ಸೆಲ್ 20 ಇದ್ದದ್ದು ಸರಾಸರಿಯಲ್ಲಿ ಮುಳುಗಿಹೋಗುತ್ತದೆ.

ಈ `conf` ಹೇಳುವುದು ಒಂದೇ ಮಾತು: ಈ ಜಾಗದಲ್ಲಿ ಕಂಡ ಮಸಿಯ ಆಕಾರವನ್ನು ನಾನು ಈ ಅಂಕಿ ಅಂತ ಓದಿದೆ, ಓದಿದ್ದರ ಬಗ್ಗೆ ನನಗೆ ಇಷ್ಟು ಭರವಸೆ ಇದೆ. ಅಷ್ಟೇ. ಆ ಅಂಕಿ ಯಾವ ಕಾಲಂಗೆ ಸೇರಬೇಕು ಅಂತ ಅದು ಹೇಳುತ್ತಿಲ್ಲ. ಆ ಸಾಲು ಯಾವ ಹಳ್ಳಿಯದು ಅಂತಲೂ ಹೇಳುತ್ತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಓದದೇ ಬಿಟ್ಟ ಅಂಕಿಯ ಬಗ್ಗೆ ಏನೂ ಹೇಳುತ್ತಿಲ್ಲ, ಯಾಕೆಂದರೆ ಓದದೇ ಬಿಟ್ಟದ್ದಕ್ಕೆ ಫೈಲಿನಲ್ಲಿ ಸಾಲೇ ಇರುವುದಿಲ್ಲ. ಪರೀಕ್ಷೆಯಲ್ಲಿ ಉತ್ತರ ಅಚ್ಚುಕಟ್ಟಾಗಿ ಬರೆದು ಪ್ರಶ್ನೆ ನಂಬರ್ ತಪ್ಪು ಹಾಕಿದ ಹುಡುಗನ ಹಾಗೆ, ಸ್ಕೋರ್ 96 ಇದ್ದೂ ಸೆಲ್ ತಪ್ಪಾಗಿರಬಹುದು.

ಇದನ್ನು ಹತ್ತಿರದಿಂದ ನೋಡೋಣ. ನಾನೇ ಕಟ್ಟಿದ ಸಾಲು ಇದು, ಆದರೆ ಇಂಥವು ಪುಟಪುಟಕ್ಕೂ ಸಿಗುತ್ತವೆ. ಒಂದು ಹಳ್ಳಿಯಲ್ಲಿ ದುಡಿಯುವ ಗಂಡಸರು 212. ಗುಂಪುವಾರು ಹೀಗೆ ಅಚ್ಚಾಗಿದೆ:

```
I    II   III  IV   V    VI   VII  VIII IX
121  38   -    14   -    3    9    -    27
```

ಸೊನ್ನೆ ಇದ್ದಲ್ಲಿ ಅಡ್ಡಗೆರೆ. ಅರವತ್ತು ವರ್ಷದ ಹಿಂದಿನ ಕಾಗದ, ಅಡ್ಡಗೆರೆ ಮಾಸಿರುತ್ತದೆ. ಓಸಿಆರ್ ಅದನ್ನು ಕಸ ಅಂತ ಬಿಟ್ಟುಬಿಡುತ್ತದೆ. ಪದಗಳ ಜಾಗ ನೋಡದೆ ಎಡದಿಂದ ಬಲಕ್ಕೆ ಸುಮ್ನೆ ಜೋಡಿಸುವ ಸ್ಕ್ರಿಪ್ಟ್ ಬರೆದಿದ್ದರೆ ಆಗುವುದು ಇದು:

```
I    II   III  IV   V    VI   VII  VIII IX
121  38   14   3    9    27
```

ಮನೆಯಲ್ಲಿ ಬುಟ್ಟಿ ಹೆಣೆಯುತ್ತಲೋ ಮಗ್ಗ ನಡೆಸುತ್ತಲೋ ಇದ್ದ 14 ಜನ ಈಗ ಗಣಿ ಮತ್ತು ಪಶುಪಾಲನೆಯ ಗುಂಪಿಗೆ ಹೋದರು. ಸೇವೆಗಳಲ್ಲಿದ್ದ 27 ಜನ ಕಟ್ಟಡ ಕೆಲಸಕ್ಕೆ ಹೋದರು. ಹಳ್ಳಿಯ ಅಂಗಡಿಯವರು 9 ಜನ ಕಾರ್ಖಾನೆ ಸೇರಿದರು. ಆರೂ ಅಂಕಿಯ ಸ್ಕೋರ್ 95ರ ಮೇಲೆ, ಯಾಕೆಂದರೆ ಆರೂ ಅಂಕಿಯನ್ನು ಓದಿದ್ದು ಸರಿಯಾಗಿಯೇ ಇದೆ. 90ರ ಗೆರೆ ಹಾಕಿ ಕೂತವರ ಕಣ್ಣಿಗೆ ಈ ಸಾಲು ಬೀಳುವುದೇ ಇಲ್ಲ.

ಇನ್ನೊಂದು ಸಣ್ಣ ವಿಷಯ. 1,204 ಅನ್ನುವುದು ಎಷ್ಟೋ ಸಲ 1 ಮತ್ತು 204 ಅಂತ ಎರಡು ಪದವಾಗಿ ಬರುತ್ತದೆ. ಅವನ್ನು ಜೋಡಿಸಿ ಒಂದು ಸೆಲ್ ಮಾಡುವಾಗ ಸ್ಕೋರ್‌ಗಳ ಸರಾಸರಿ ತೆಗೆಯಬೇಡಿ, ಎರಡರಲ್ಲಿ ಕಡಿಮೆ ಇರುವುದನ್ನು ಇಟ್ಟುಕೊಳ್ಳಿ. ಒಂದು ಅಂಕಿ ಕೆಟ್ಟರೆ ಸೆಲ್ಲೇ ಕೆಟ್ಟ ಹಾಗೆ.

ಅಳೆದು ನೋಡಿ

ಹಾಗಂತ ಸ್ಕೋರ್ ದಂಡ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪುಗಳನ್ನು ಎಷ್ಟು ಚೆನ್ನಾಗಿ ಬೇರೆ ಮಾಡುತ್ತದೆ ಅಂತ ನಮ್ಮ ಪುಟಗಳ ಮೇಲೇ ನೋಡಬೇಕು. ಬೇರೆಯವರ 90 ನಮ್ಮ 90 ಅಲ್ಲ. ಸ್ಕ್ಯಾನ್ ಬೇರೆ, ಅಚ್ಚು ಬೇರೆ, ಸೆಟ್ಟಿಂಗ್ ಬೇರೆ. ನಾವೇ ಪುಟಗಳನ್ನು ಇನ್ನೊಂದು ರೀತಿ ಶುದ್ಧ ಮಾಡಿ ಮತ್ತೆ ಓಡಿಸಿದರೂ ಹಳೆಯ ಗೆರೆ ಹಾಗೇ ಇಟ್ಟುಕೊಳ್ಳುವಂತಿಲ್ಲ, ಇನ್ನೊಂದು ಸಲ ಅಳೆಯಬೇಕು.

ಅಳೆಯುವುದು ಹೀಗೆ. ಸೆಲ್‌ಗಳನ್ನು ಸ್ಕೋರ್ ಪ್ರಕಾರ ಮೂರು ರಾಶಿ ಮಾಡಿ. ಪ್ರತಿ ರಾಶಿಯಿಂದ 300 ಸೆಲ್ ಚೀಟಿ ಎತ್ತಿದ ಹಾಗೆ ಯದ್ವಾತದ್ವಾ ಆರಿಸಿ. ಪುಟದಲ್ಲಿ ಆ ಸೆಲ್ ಇರುವ ಜಾಗದ ಚಿತ್ರವನ್ನು ಮಾತ್ರ ತೋರಿಸಿ, ಮೇಲೆ ಕಾಲಂ ತಲೆಬರಹ, ಪಕ್ಕದಲ್ಲಿ ಹಳ್ಳಿಯ ಹೆಸರು ಕಾಣುವಂತೆ. ಓಸಿಆರ್ ಏನು ಓದಿದೆ ಅಂತ ತೋರಿಸಬೇಡಿ. ನೋಡುವವರು ತಾವು ಕಂಡದ್ದನ್ನು ಟೈಪ್ ಮಾಡಲಿ. ಆಮೇಲೆ ಹೋಲಿಸಿ. ಓಸಿಆರ್ ಉತ್ತರ ಪಕ್ಕದಲ್ಲೇ ಇದ್ದರೆ ಮನುಷ್ಯನ ಕಣ್ಣು ಅದನ್ನು ಒಪ್ಪಿಕೊಳ್ಳಲು ನೋಡುತ್ತದೆ. 3 ಅಂತ ಬರೆದಿದ್ದರೆ ಮಾಸಿದ 8 ಕೂಡ 3ರ ಹಾಗೇ ಕಾಣುತ್ತದೆ.

ಫಲಿತಾಂಶ ಹೀಗೆ ಬಂತು ಅಂದುಕೊಳ್ಳಿ. ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು, ನಿಮ್ಮದು ಬೇರೆ ಇರುತ್ತದೆ. 60ರ ಕೆಳಗೆ 1,500 ಸೆಲ್ ಇವೆ, 300ರಲ್ಲಿ 120 ತಪ್ಪು. 60 ರಿಂದ 90ರ ನಡುವೆ 4,500 ಸೆಲ್, 300ರಲ್ಲಿ 24 ತಪ್ಪು. 90ರ ಮೇಲೆ 45,000 ಸೆಲ್, 300ರಲ್ಲಿ 3 ತಪ್ಪು.

ನೋಡಿದ ತಕ್ಷಣ ಖುಷಿ ಆಗುತ್ತದೆ ಅಲ್ವಾ? 40 ಪರ್ಸೆಂಟ್, 8 ಪರ್ಸೆಂಟ್, 1 ಪರ್ಸೆಂಟ್. ಸ್ಕೋರ್ ಚೆನ್ನಾಗಿ ವಿಂಗಡಿಸಿದೆ. ಈಗ ರಾಶಿಯ ಗಾತ್ರದಿಂದ ಗುಣಿಸಿ. ಕೆಳಗಿನ ರಾಶಿಯಲ್ಲಿ ಸುಮಾರು 600 ತಪ್ಪು, ನಡುವಿನದರಲ್ಲಿ 360, ಮೇಲಿನದರಲ್ಲಿ 450. ಒಟ್ಟು 1,410. ಅಂದರೆ ಮೂರರಲ್ಲಿ ಒಂದು ತಪ್ಪು ನಾವು ನೋಡುವುದೇ ಬೇಡ ಅಂದ ರಾಶಿಯಲ್ಲೇ ಕೂತಿದೆ. ಆ ರಾಶಿ ಅಷ್ಟು ದೊಡ್ಡದಾಗಿರುವುದೇ ಇದಕ್ಕೆ ಕಾರಣ. 90ರ ಕೆಳಗಿನ 6,000 ಸೆಲ್ ನೋಡಲು 10 ಗಂಟೆ ಸಾಕು, 960 ತಪ್ಪು ಸಿಗುತ್ತದೆ. ತುಂಬಾ ಒಳ್ಳೆಯ ವ್ಯಾಪಾರ. ಆದರೆ ಅಲ್ಲಿಗೇ ಮುಗಿಸಿದರೆ 450 ತಪ್ಪು ಒಳಗೇ ಉಳಿಯುತ್ತದೆ.

ಅದೂ 450 ಅಂತ ಖಾತ್ರಿ ಇಲ್ಲ. 300ರಲ್ಲಿ 3 ತಪ್ಪು ಸಿಕ್ಕಿದರೆ ನಿಜವಾದ ದರ 0.2 ಪರ್ಸೆಂಟ್‌ನಿಂದ 2.9 ಪರ್ಸೆಂಟ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು, 95 ಪರ್ಸೆಂಟ್ ಭರವಸೆಯ ಲೆಕ್ಕದಲ್ಲಿ. 45,000ಕ್ಕೆ ಗುಣಿಸಿದರೆ ಸುಮಾರು 100ರಿಂದ 1,300 ತಪ್ಪುಗಳವರೆಗೆ. ದೊಡ್ಡ ರಾಶಿಯ ವಿಷಯದಲ್ಲೇ ನಮಗೆ ಗೊತ್ತಿರುವುದು ಕಡಿಮೆ. ಹಾಗಾಗಿ ಸ್ಯಾಂಪಲ್ ಜಾಸ್ತಿ ಮಾಡುವುದಾದರೆ ಮೇಲಿನ ರಾಶಿಯಿಂದ ಎತ್ತಿ. ಕೆಳಗಿನ ರಾಶಿಯನ್ನು ಹೇಗೂ ಪೂರ್ತಿ ನೋಡುತ್ತೀರಿ, ಅಲ್ಲಿ ಇನ್ನೂ ನೂರು ಸೆಲ್ ಅಳೆದು ಏನೂ ಸಿಗುವುದಿಲ್ಲ.

ಇಲ್ಲಿ ಒಬ್ಬರು ಕೇಳಿದರು: "ಸರ್, 450 ತಪ್ಪು ಅಂದರೆ ಒಂದು ಪರ್ಸೆಂಟೂ ಇಲ್ಲ. ಬಿಟ್ಟರೆ ಏನಾಗುತ್ತೆ?" ಒಳ್ಳೆಯ ಪ್ರಶ್ನೆ. ಏನು ಮಾಡಲು ಹೊರಟಿದ್ದೀರಿ ಅನ್ನುವುದರ ಮೇಲೆ ಇದೆ. ತಾಲ್ಲೂಕುವಾರು ಕೃಷಿ ಕೂಲಿಕಾರರ ಪ್ರಮಾಣದ ನಕ್ಷೆ ಮಾಡುತ್ತಿದ್ದರೆ ಬಿಡಬಹುದು, ಬಣ್ಣ ಬದಲಾಗುವುದಿಲ್ಲ. ಆದರೆ ಜನ ತಮ್ಮ ಊರು ಹುಡುಕಿ ನೋಡುವ ಪುಟ ಮಾಡುತ್ತಿದ್ದರೆ ಆ ಊರಿನವರಿಗೆ ಅದು ನೂರಕ್ಕೆ ನೂರು ತಪ್ಪು. ಹಾಗೇ, 1961ಕ್ಕೂ 1971ಕ್ಕೂ ನಡುವೆ ಯಾವ ಹಳ್ಳಿಯಲ್ಲಿ ಭಾರಿ ಬದಲಾವಣೆ ಆಯಿತು ಅಂತ ಹುಡುಕುತ್ತಿದ್ದರೆ ಇನ್ನೂ ಕಷ್ಟ. ಪಟ್ಟಿಯ ತುದಿಗೆ ಬರುವ ಹಳ್ಳಿಗಳಲ್ಲಿ ಎಷ್ಟೋ ನಮ್ಮ ಓಸಿಆರ್ ತಪ್ಪುಗಳೇ ಆಗಿರುತ್ತವೆ. 312 ಇದ್ದದ್ದು 812 ಆದರೆ ಅದಕ್ಕಿಂತ ಭಾರಿ ಬದಲಾವಣೆ ಬೇಕೇ?

ಕೂತು ನೋಡಿದರೆ ಎಲ್ಲ ಸಿಗುತ್ತದಾ

ಹಾಗಾದರೆ 85 ಗಂಟೆ ಹಾಕಿ ಎಲ್ಲವನ್ನೂ ನೋಡಿಬಿಡೋಣ ಅನ್ನುವವರಿಗೆ ನನ್ನ ಪ್ರಶ್ನೆ: ನಿಮ್ಮ ಕಣ್ಣಿನ ಸ್ಕೋರ್ ಎಷ್ಟು? ನೂರು ಸೆಲ್‌ನಲ್ಲಿ 97 ಸರಿ ಇರುವಾಗ, ಸರಿ ಸರಿ ಸರಿ ಅಂತ ಒತ್ತುತ್ತಾ ಹೋಗುವ ಬೆರಳು 98ನೆಯದರಲ್ಲಿ ನಿಲ್ಲುತ್ತದಾ?

ಇದನ್ನೂ ಅಳೆಯಬಹುದು. ನೋಡುವವರಿಗೆ ಕೊಡುವ ಫೈಲಿನಲ್ಲಿ ನೀವೇ 50 ತಪ್ಪು ಸೇರಿಸಿ, ಯಾವ ಸೆಲ್ ಅಂತ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಓಸಿಆರ್ ಮಾಡುವಂಥ ತಪ್ಪೇ ಹಾಕಿ, 3ಕ್ಕೆ 8, 1ಕ್ಕೆ 7, ಕೊನೆಯ ಅಂಕಿ ಹಾರಿಹೋದದ್ದು. ಕೆಲಸ ಮುಗಿದ ಮೇಲೆ ಎಷ್ಟು ಸಿಕ್ಕಿತು ನೋಡಿ. 50ರಲ್ಲಿ 41 ಸಿಕ್ಕಿತು ಅಂದರೆ ನೂರಕ್ಕೆ 82. ಅದೇ ಲೆಕ್ಕದಲ್ಲಿ 1,410 ನಿಜವಾದ ತಪ್ಪುಗಳಲ್ಲಿ ಸುಮಾರು 250 ಉಳಿದುಬಿಟ್ಟವು, ಪೂರ್ತಿ ನೋಡಿದ ಮೇಲೂ. ತಂಡಕ್ಕೆ ಮೊದಲೇ ಹೇಳಿಬಿಡಿ, ಇದರಲ್ಲಿ ಬೇಕೆಂದೇ ಹಾಕಿದ ತಪ್ಪುಗಳಿವೆ ಅಂತ. ಗೊತ್ತಾಗದ ಹಾಗೆ ಮಾಡಿ ಆಮೇಲೆ ಹಿಡಿಯುವುದು ಸರಿ ಕಾಣುವುದಿಲ್ಲ. ಮತ್ತೆ ಕೊನೆಯಲ್ಲಿ ಆ ಐವತ್ತನ್ನೂ ವಾಪಸ್ ತೆಗೆಯುವುದನ್ನು ದಯವಿಟ್ಟು ಮರೆಯಬೇಡಿ.

ಇಬ್ಬರು ಬೇರೆ ಬೇರೆಯಾಗಿ, ಏನೂ ನೋಡದೆ, ಪುಟದಿಂದಲೇ ಟೈಪ್ ಮಾಡಿ ಎರಡನ್ನೂ ಹೋಲಿಸುವ ಹಳೆಯ ಪದ್ಧತಿ ಇದಕ್ಕಿಂತ ಗಟ್ಟಿ. ಇಬ್ಬರೂ ಒಂದೇ ಸೆಲ್‌ನಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ. ಆದರೆ ಖರ್ಚು ದುಪ್ಪಟ್ಟು. 51,000 ಸೆಲ್‌ಗೆ ಅಲ್ಲ, ಆರಿಸಿಕೊಂಡ ಜಾಗಕ್ಕೆ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಕೋಷ್ಟಕವನ್ನೇ ಕೇಳಿ

ಈಗ ಆ ಮೂರನೆಯ ದಾರಿ. 1961ರ ಈ ಕೋಷ್ಟಕ ಮಾಡಿದವರು ಕೈಲೆಕ್ಕದ ಕಾಲದವರು, ತಮ್ಮ ತಪ್ಪು ತಾವೇ ಹಿಡಿಯಲು ಬೇಕಾದಷ್ಟು ಮೊತ್ತಗಳನ್ನು ಅದರಲ್ಲೇ ಇಟ್ಟಿದ್ದಾರೆ. ಗಂಡು ಕೂಡಿಸು ಹೆಣ್ಣು, ಒಟ್ಟು ಜನ. I ರಿಂದ IX ಕೂಡಿಸಿದರೆ ಒಟ್ಟು ದುಡಿಯುವವರು. ದುಡಿಯುವವರು, ದುಡಿಯದವರು ಕೂಡಿಸಿದರೆ ಆ ಹಳ್ಳಿಯ ಗಂಡಸರ ಸಂಖ್ಯೆ, ಹೆಂಗಸರದ್ದೂ ಹಾಗೇ. ಎಲ್ಲ ಹಳ್ಳಿ ಕೂಡಿಸಿದರೆ ತಾಲ್ಲೂಕಿನ ಗ್ರಾಮಾಂತರ ಮೊತ್ತ.

```python
d["cat_ok"] = d[cats_m].sum(axis=1) == d["tw_m"]
d["pop_ok"] = d["tw_m"] + d["nw_m"] == d["m"]
d["tot_ok"] = d["m"] + d["f"] == d["p"]
```

ಮೂರು ಸಾಲು ಕೋಡ್. 34ರಲ್ಲಿ 25 ಕಾಲಂ ಇದರೊಳಗೆ ಬರುತ್ತದೆ (ಹೆಂಗಸರಿಗೂ ಇದೇ ಬರೆಯಬೇಕು). ಸ್ಕೋರ್ 98 ಇದ್ದರೂ ಒಂದು ಅಂಕಿ ತಪ್ಪಾಗಿದ್ದರೆ ಮೊತ್ತ ಕೂಡುವುದಿಲ್ಲ, ಸಿಕ್ಕಿಬೀಳುತ್ತದೆ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಏನೆಂದರೆ, ಇಲ್ಲಿ ನೋಡುವವರಿಗೆ ಗುರಿ ಇರುತ್ತದೆ. ಸುಮ್ನೆ "ನೋಡಿ" ಅಂದಾಗ ಕಣ್ಣು ಜಾರುತ್ತದೆ. "ಈ ಸಾಲಿನಲ್ಲಿ 50 ಕಡಿಮೆ ಬರುತ್ತಿದೆ, ಎಲ್ಲಿ ಹುಡುಕು" ಅಂದಾಗ ಸಿಗುವವರೆಗೆ ಬಿಡುವುದಿಲ್ಲ. ವ್ಯತ್ಯಾಸವೇ ಸುಳಿವನ್ನೂ ಕೊಡುತ್ತದೆ. ವ್ಯತ್ಯಾಸ 5, 50 ಅಥವಾ 500 ಇದ್ದರೆ ಮೊದಲು 3 ಮತ್ತು 8 ಇರುವ ಜಾಗ ನೋಡಿ. 6, 60 ಇದ್ದರೆ 1 ಮತ್ತು 7. ವ್ಯತ್ಯಾಸ ಸಾಲಿನಲ್ಲೇ ಇರುವ ಒಂದು ಅಂಕಿಗೆ ಸರಿಯಾಗಿ ಸಮವಾಗಿದ್ದರೆ ಯಾವುದೋ ಸೆಲ್ ಎರಡು ಸಲ ಬಂದಿರಬಹುದು.

ತಪ್ಪಿದ ಸಾಲುಗಳು ಬಿಡಿಬಿಡಿಯಾಗಿ ಇವೆಯೋ ಗುಂಪಾಗಿ ಇವೆಯೋ ಅನ್ನುವುದನ್ನೂ ನೋಡಿ. ಇಂಥ ಅಗಲವಾದ ಕೋಷ್ಟಕ ಒಂದು ಪುಟಕ್ಕೆ ಹಿಡಿಸುವುದಿಲ್ಲ, ಎದುರುಬದುರು ಎರಡು ಪುಟದಲ್ಲಿ ಹರಡಿರುತ್ತದೆ. ಎಡಪುಟದಲ್ಲಿ ಹಳ್ಳಿ ಮತ್ತು ಜನಸಂಖ್ಯೆ, ಬಲಪುಟದಲ್ಲಿ ದುಡಿಯುವವರು ಅಂದುಕೊಳ್ಳಿ. ಬಲಪುಟದಲ್ಲಿ ಓಸಿಆರ್ ಒಂದೇ ಒಂದು ಸಾಲು ಬಿಟ್ಟಿತು. `tot_ok` ಎಡಪುಟದೊಳಗಿನ ಲೆಕ್ಕ, ಸರಿ ಬರುತ್ತದೆ. `cat_ok` ಬಲಪುಟದೊಳಗಿನ ಲೆಕ್ಕ, ಅದೂ ಸರಿ. ಎರಡು ಪುಟವನ್ನೂ ಮುಟ್ಟುವ `pop_ok` ಮಾತ್ರ ಆ ಸಾಲಿನಿಂದ ಹಿಡಿದು ಪುಟದ ಕೊನೆಯವರೆಗೂ ಒಂದೂ ಬಿಡದೆ ತಪ್ಪುತ್ತದೆ. ಹೀಗೆ ಸಾಲಾಗಿ ತಪ್ಪಿದ್ದರೆ ಅದು ಅಂಕಿಯ ತಪ್ಪಲ್ಲ, ಸಾಲು ಜಾರಿದೆ. ಒಂದು ಖಾಲಿ ಸಾಲು ಸೇರಿಸಿದರೆ ಮೂವತ್ತು ಸಾಲು ಒಟ್ಟಿಗೆ ಸರಿಯಾಗುತ್ತವೆ. ಇದು ತಿಳಿಯದೆ ಮೂವತ್ತು ಸಾಲನ್ನೂ ಒಂದೊಂದಾಗಿ ತಿದ್ದಲು ಕೂತವರ ಗೋಳು ಕೇಳಬೇಡಿ.

ಈಗ ಆ ಬುಟ್ಟಿ ಹೆಣೆಯುವವರ ಸಾಲಿಗೆ ಬನ್ನಿ. 121, 38, 14, 3, 9, 27. ಕೂಡಿ ನೋಡಿ, 212. ಸರಿಯಾಗಿದೆ! ಅಂಕಿಗಳು ಎಡಕ್ಕೆ ಜಾರಿದರೂ ಮೊತ್ತ ಬದಲಾಗುವುದಿಲ್ಲ. ಸ್ಕೋರ್‌ಗೂ ಗೊತ್ತಾಗಲಿಲ್ಲ, ಅಡ್ಡ ಮೊತ್ತಕ್ಕೂ ಗೊತ್ತಾಗಲಿಲ್ಲ. ಇದನ್ನು ಹಿಡಿಯುವುದು ಉದ್ದ ಮೊತ್ತ. ತಾಲ್ಲೂಕಿನ ಎಲ್ಲ ಹಳ್ಳಿಗಳ III ಕೂಡಿಸಿದರೆ ಅಚ್ಚಾದ ತಾಲ್ಲೂಕು ಮೊತ್ತಕ್ಕಿಂತ ಜಾಸ್ತಿ ಬರುತ್ತದೆ, IX ಕಡಿಮೆ ಬರುತ್ತದೆ. ಎಡದ ಗುಂಪುಗಳು ಉಬ್ಬಿ ಬಲದ ಗುಂಪುಗಳು ಸೊರಗಿದ್ದರೆ ಅಡ್ಡಗೆರೆ ಹಾರಿಹೋಗಿದೆ ಅಂತ ಅರ್ಥ. ಅಡ್ಡ ಮೊತ್ತ ಮಾತ್ರ ನೋಡಿ ಫೈಲ್ ಪಾಸ್ ಮಾಡುವವರು ಜಾಸ್ತಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಇದಕ್ಕೆ ಔಷಧಿ ತಪಾಸಣೆಯ ಹಂತದಲ್ಲಿ ಅಲ್ಲ, ಹಿಂದೆಯೇ ಇದೆ: ಟಿಎಸ್‌ವಿಯಲ್ಲಿ ಬರುವ `left` ಮತ್ತು `width` ನೋಡಿ ಪದವನ್ನು ಕಾಲಂಗೆ ಹಾಕಬೇಕು, ಎಣಿಸಿ ಹಾಕಬಾರದು.

ಇನ್ನು ಮೊತ್ತದ ಕೈಗೆ ಸಿಗದ 9 ಕಾಲಂ. ವಿಸ್ತೀರ್ಣ, ಮನೆ, ಕುಟುಂಬ, ಮತ್ತೆ ಗಂಡು ಹೆಣ್ಣು ಬೇರೆ ಬೇರೆಯಾಗಿ ಪರಿಶಿಷ್ಟ ಜಾತಿ, ಪಂಗಡ, ಅಕ್ಷರಸ್ಥರು. ಇವಕ್ಕೆ ಅಡ್ಡ ಮೊತ್ತ ಇಲ್ಲ. ಅಕ್ಷರಸ್ಥ ಗಂಡಸರು ಒಟ್ಟು ಗಂಡಸರಿಗಿಂತ ಜಾಸ್ತಿ ಇರಬಾರದು ಅನ್ನುವಂಥ ಸಡಿಲ ಪರೀಕ್ಷೆ ಮಾಡಬಹುದು, ಆದರೆ 38 ಇದ್ದದ್ದು 33 ಆದರೆ ಅದಕ್ಕೆ ಗೊತ್ತಾಗುವುದಿಲ್ಲ. ಉದ್ದ ಮೊತ್ತ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಹತ್ತು ತಾಲ್ಲೂಕು, ಒಂಬತ್ತು ಕಾಲಂ, ಒಟ್ಟು 90 ಮೊತ್ತ. ಮೇಲಿನ ರಾಶಿಯ 450 ತಪ್ಪುಗಳಲ್ಲಿ ಈ ಕಾಲಂಗಳ ಪಾಲು ಸುಮಾರು 120. 120 ತಪ್ಪು 90 ಮೊತ್ತಗಳ ಮೇಲೆ ಚದುರಿದರೆ ಮುಕ್ಕಾಲು ಪಾಲು ಮೊತ್ತಗಳು ತಪ್ಪುತ್ತವೆ. ಒಂದೊಂದು ತಪ್ಪಿದಾಗಲೂ ಆ ತಾಲ್ಲೂಕಿನ 150 ಸೆಲ್ ನೋಡಬೇಕು. ಅಂದರೆ ಹೇಗೂ ಬಹುತೇಕ ಎಲ್ಲ ನೋಡಿದ ಹಾಗೇ ಆಯಿತು. ಹಾಗಾಗಿ ಈ 9 ಕಾಲಂಗೆ ನನ್ನ ಸಲಹೆ ಸರಳ: ಸ್ಕೋರ್ ಎಷ್ಟೇ ಇರಲಿ, ಪೂರ್ತಿ ಕೂತು ನೋಡಿ. ನೋಡಿದ ಮೇಲೆ ಉದ್ದ ಮೊತ್ತ ಕೂಡಿತಾ ಅಂತ ನೋಡಿ. ಕೂಡದಿದ್ದರೆ ಕಣ್ಣು ಜಾರಿದೆ, ಆ ತಾಲ್ಲೂಕನ್ನು ಇನ್ನೊಬ್ಬರಿಗೆ ಕೊಡಿ.

ಗಂಟೆಗಳ ಲೆಕ್ಕ ಹಾಕೋಣ. 90ರ ಕೆಳಗಿನ 6,000 ಸೆಲ್, 10 ಗಂಟೆ. 9 ಕಾಲಂ ಅಂದರೆ 13,500 ಸೆಲ್, 22 ಗಂಟೆ ಚಿಲ್ಲರೆ. ಮೊತ್ತ ಕೂಡದ ಸುಮಾರು 330 ಸಾಲು, ಸಾಲಿಗೆ ಒಂದೂವರೆ ನಿಮಿಷದಂತೆ 8 ಗಂಟೆ. ಒಟ್ಟು 40 ಗಂಟೆ ಆಸುಪಾಸು, 85ರ ಅರ್ಧಕ್ಕಿಂತ ಕಡಿಮೆ. ಉಳಿಯುವ ತಪ್ಪುಗಳೂ ಪೂರ್ತಿ ನೋಡಿದಾಗ ಉಳಿದ 250ಕ್ಕಿಂತ ಎಷ್ಟೋ ಕಡಿಮೆ, ಯಾಕೆಂದರೆ ಕಣ್ಣು ಬಿಟ್ಟದ್ದನ್ನು ಮೊತ್ತ ಹಿಡಿಯುತ್ತದೆ.

ಒಬ್ಬ ಹುಡುಗಿ ಕೇಳಿದಳು: "ಮೊತ್ತ ಕೂಡುತ್ತಿಲ್ಲ, ಆದರೆ ಪುಟ ನೋಡಿದರೆ ಓಸಿಆರ್ ಸರಿಯಾಗೇ ಓದಿದೆ. ಆಗ ಏನು ಮಾಡೋದು ಸರ್?" ಆಗುತ್ತದಮ್ಮಾ, ಅಚ್ಚಿನಲ್ಲೇ ತಪ್ಪಿರುತ್ತದೆ. ಮೊಳೆ ಜೋಡಿಸುವಾಗ ಆದದ್ದೋ, ಮೂಲ ಹಾಳೆಯಲ್ಲೇ ಇದ್ದದ್ದೋ ಹೇಳಲಾಗುವುದಿಲ್ಲ. ಯಾವ ಕಾರಣಕ್ಕೂ ಮೊತ್ತ ಕೂಡುವ ಹಾಗೆ ಅಂಕಿ ತಿದ್ದಬೇಡಿ. ಯಾವ ಅಂಕಿ ತಪ್ಪು ಅಂತ ನಿಮಗೆ ಗೊತ್ತಿಲ್ಲ, ಮೊತ್ತವೇ ತಪ್ಪಿರಬಹುದು. ಅಚ್ಚಿನಲ್ಲಿ ಇದ್ದದ್ದನ್ನು ಹಾಗೇ ಇಟ್ಟು ಪಕ್ಕದ ಕಾಲಂನಲ್ಲಿ "ಅಚ್ಚಿನಂತೆ, ಮೊತ್ತ ಕೂಡುವುದಿಲ್ಲ" ಅಂತ ಗುರುತು ಹಾಕಿ.

ಇಷ್ಟೆಲ್ಲ ಮಾಡಲು ಆಗದ ಕೋಷ್ಟಕಗಳೂ ಇವೆ. ಮೊತ್ತವೇ ಇಲ್ಲದ ಪಟ್ಟಿ, ಹೆಸರು ವಿಳಾಸಗಳ ಪಟ್ಟಿ, ಸರ್ವೆ ನಂಬರ್‌ಗಳ ಪಟ್ಟಿ. ಸರ್ವೆ ನಂಬರ್ 47/2 ಇದ್ದದ್ದು 41/2 ಆದರೆ ಅದೂ ಒಂದು ನಿಜವಾದ ಸರ್ವೆ ನಂಬರೇ, ಯಾವ ಲೆಕ್ಕವೂ ಅದನ್ನು ಹಿಡಿಯದು, ಮತ್ತೆ ಅದು ಇನ್ನೊಬ್ಬರ ಜಮೀನು. ಅಂಥಲ್ಲಿ ಸ್ಕೋರ್ ಹಿಡಿದು ಅರ್ಧ ಬಿಡುವ ಮಾತೇ ಬೇಡ, ಇಬ್ಬರು ಬೇರೆ ಬೇರೆ ಟೈಪ್ ಮಾಡಲೇಬೇಕು. ಎರಡೋ ಮೂರೋ ಪುಟದ ಕೋಷ್ಟಕ ಆದರೂ ಅಷ್ಟೇ, ಮೇಲಿನ ಅಳತೆ ಮಾಡುವ ಹೊತ್ತಿಗೆ ಪೂರ್ತಿ ನೋಡಿ ಮುಗಿಸಬಹುದು.

ಕೊನೆಯದಾಗಿ, ಎಲ್ಲ ಮುಗಿದ ಮೇಲೆ ಫೈಲಿನ ಜೊತೆ ಏನು ಬರೆದು ಕೊಡುತ್ತೀರಿ? ಪಾಸ್ ಆದ ಸೆಲ್‌ಗಳಿಂದ ಮತ್ತೆ 300 ಎತ್ತಿ, ಓಸಿಆರ್ ಉತ್ತರ ಮುಚ್ಚಿ ಟೈಪ್ ಮಾಡಿಸಿ. ಒಂದೂ ತಪ್ಪು ಸಿಗಲಿಲ್ಲ ಅಂದುಕೊಳ್ಳಿ. ಆಗ "ತಪ್ಪಿಲ್ಲ" ಅಂತ ಬರೆಯುವಂತಿಲ್ಲ. ನೋಡಿದಷ್ಟರಲ್ಲಿ ಸೊನ್ನೆ ತಪ್ಪು ಇದ್ದರೆ 3 ಅನ್ನು ನೋಡಿದ ಸಂಖ್ಯೆಯಿಂದ ಭಾಗಿಸಿ, ಅದು ಮೇಲಿನ ಮಿತಿ, 95 ಪರ್ಸೆಂಟ್ ಭರವಸೆಯಲ್ಲಿ. 300ಕ್ಕೆ 1 ಪರ್ಸೆಂಟ್. 51,000ದಲ್ಲಿ 1 ಪರ್ಸೆಂಟ್ ಅಂದರೆ ಇನ್ನೂ 510 ತಪ್ಪಿಗೆ ಜಾಗ ಇದೆ. 0.1 ಪರ್ಸೆಂಟ್‌ಗಿಂತ ಕಡಿಮೆ ಅಂತ ಹೇಳಬೇಕಾದರೆ 3,000 ಸೆಲ್ ನೋಡಬೇಕು, ಅಷ್ಟರಲ್ಲೂ ಒಂದೂ ತಪ್ಪು ಸಿಗಬಾರದು. 6 ಸೆಕೆಂಡ್ ಲೆಕ್ಕದಲ್ಲಿ ಅದು 5 ಗಂಟೆ, ಟೈಪ್ ಮಾಡುವುದರಿಂದ ಸ್ವಲ್ಪ ಜಾಸ್ತಿ. ನಾನಾದರೆ ಮಾಡುತ್ತೇನೆ. ಮಾಡಲಾಗದಿದ್ದರೆ 300 ನೋಡಿದೆವು, ಮಿತಿ 1 ಪರ್ಸೆಂಟ್ ಅಂತಲೇ ಬರೆಯಿರಿ. ಮತ್ತೆ ಪ್ರತಿ ಸೆಲ್‌ಗೂ ಒಂದು ಗುರುತು ಇರಲಿ, `score_only`, `sum_checked`, `eye_checked`, `double_keyed` ಅಂತ. ನಮ್ಮ ಫೈಲ್ ತೆಗೆದುಕೊಂಡು ಬರೀ ವಿಸ್ತೀರ್ಣದ ಕಾಲಂ ಬಳಸುವವರಿಗೆ ಇಡೀ ಫೈಲಿನ ಸರಾಸರಿ ತಪ್ಪು ಎಷ್ಟು ಅನ್ನುವುದರಿಂದ ಪ್ರಯೋಜನ ಇಲ್ಲ. ತಮ್ಮ ಕಾಲಂ ಅನ್ನು ಯಾರು, ಹೇಗೆ ನೋಡಿದ್ದಾರೆ ಅಂತ ಅವರಿಗೆ ಬೇಕು.